ಸುತ್ತಿಗೆ ಏಟು ಮಂಡಿಗೆ, ತೊಂದರೆ ಕತ್ತಿನಲ್ಲಿ

ಮಂಡ್ಯದ ನನ್ನ ಕ್ಲಿನಿಕ್ಕಿಗೆ ಮದ್ದೂರು ಕಡೆಯ ರೈತರೊಬ್ಬರು ಬಂದಿದ್ದರು. ವಯಸ್ಸು ಐವತ್ತೆಂಟು. "ಬದಿನ ಮೇಲೆ ನಡೆಯಕ್ಕೇ ಆಯ್ತಿಲ್ಲ ಸಾ, ಕಾಲು ಕಟ್ಟಿಗೆ ಆಗ್ಬಿಟ್ಟದೆ" ಅಂದರು. ಕೈಯಲ್ಲಿ ಸೊಂಟದ ಎಂಆರ್‌ಐ ಫಿಲ್ಮ್ ಇತ್ತು. ಡಿಸ್ಕ್ ಸವೆದಿದೆ ಅಂತ ಬೇರೆ ಕಡೆ ಹೇಳಿ, ಮೂರು ತಿಂಗಳು ಮಾತ್ರೆ, ಬೆಲ್ಟ್ ಕೊಟ್ಟಿದ್ದರಂತೆ. ಆ ವಯಸ್ಸಿಗೆ ಅಷ್ಟು ಸವೆತ ಯಾರಿಗಿಲ್ಲ ಹೇಳಿ.

ಮೇಜಿನ ಅಂಚಿನಲ್ಲಿ ಕೂರಿಸಿದೆ, ಪಾದ ನೆಲಕ್ಕೆ ತಾಗದ ಹಾಗೆ. ಮಂಡಿಚಿಪ್ಪಿನ ಕೆಳಗೆ ಬೆರಳಿಟ್ಟರೆ ಹಗ್ಗದಂಥ ಪಟ್ಟಿಯೊಂದು ಸಿಗುತ್ತದೆ. ಅದರ ಮೇಲೆ ಮೆಲ್ಲಗೆ ತಟ್ಟಿದೆ. ಸುತ್ತಿಗೆ ತಗುಲಿದ್ದೇ ತಡ, ಕಾಲು ಜೋರಾಗಿ ಒದೆಯಿತು. ಎರಡೂ ಕಾಲು ಹಾಗೇ.

ಅಲ್ಲೇ ನನಗೆ ಸೊಂಟದ ಮೇಲೆ ಅನುಮಾನ ಬಂತು. ಯಾಕೆ ಅಂತ ಹೇಳಬೇಕಾದರೆ ಆ ಒದೆತ ಹುಟ್ಟುವ ದಾರಿ ನೋಡಬೇಕು.

ಆ ಪಟ್ಟಿ ತೊಡೆಯ ಮುಂಭಾಗದ ದೊಡ್ಡ ಸ್ನಾಯುವಿಗೆ ಸೇರಿದ್ದು. ತಟ್ಟಿದಾಗ ಆ ಸ್ನಾಯು ಒಂಚೂರು ಎಳೆದು ಹಿಗ್ಗುತ್ತದೆ. ಸ್ನಾಯುವಿನೊಳಗೆ ಎಳೆತ ಅಳೆಯುವ ಸಣ್ಣ ಸಣ್ಣ ಅಂಗಗಳಿವೆ. ಅವು ಕಳಿಸುವ ಸುದ್ದಿ ತೊಡೆಯ ನರ ಹಿಡಿದು ಬೆನ್ನುಹುರಿಯ ಹಿಂಬದಿಯಿಂದ ಒಳಗೆ ಹೋಗುತ್ತದೆ. ಮಂಡಿಯ ಲೆಕ್ಕದಲ್ಲಿ ಮುಖ್ಯವಾಗಿ ಸೊಂಟದ ನರಗಳ ಎಲ್3, ಎಲ್4 ಭಾಗ. ಅಲ್ಲಿ ಸುದ್ದಿ ತಂದ ನರತಂತು ಸ್ನಾಯುವನ್ನು ಕುಗ್ಗಿಸುವ ನರಕೋಶವನ್ನೇ ನೇರವಾಗಿ ಮುಟ್ಟುತ್ತದೆ. ಮಧ್ಯವರ್ತಿಯೇ ಇಲ್ಲ. ಆ ಕೋಶದ ಆಜ್ಞೆ ಹುರಿಯ ಮುಂಬದಿಯಿಂದ ಹೊರಬಂದು ಅದೇ ಸ್ನಾಯುವಿಗೆ ವಾಪಸ್. ಜೊತೆಗೇ, ಇನ್ನೊಂದು ಸಣ್ಣ ನರಕೋಶದ ಮೂಲಕ ತೊಡೆಯ ಹಿಂಬದಿಯ ಸ್ನಾಯುವಿಗೆ ಹೋಗುವ ಆಜ್ಞೆಗೆ ತಡೆ ಬೀಳುತ್ತದೆ, ಇಲ್ಲದಿದ್ದರೆ ಅದು ಅಡ್ಡ ಎಳೆಯುತ್ತಿತ್ತು. ಏಟು ಬಿದ್ದು ಸುಮಾರು 20 ಮಿಲಿಸೆಕೆಂಡಿಗೆ ಸ್ನಾಯುವಿನಲ್ಲಿ ವಿದ್ಯುತ್ ಮಿಡಿತ ಕಾಣುತ್ತದೆ. ಕಾಲು ಒದ್ದ ವಿಷಯ ಮೆದುಳಿಗೆ ಆಮೇಲೆ ತಿಳಿಯುವುದು.

ಹಾಗಂತ ಮೆದುಳಿಗೆ ಸಂಬಂಧವೇ ಇಲ್ಲ ಅಂತಲ್ಲ. ಮೇಲಿನಿಂದ ಇಳಿಯುವ ತಂತುಗಳು ಈ ಸುತ್ತನ್ನು ಸದಾ ಹದದಲ್ಲಿ ಇಡುತ್ತವೆ. ಅವು ಕೆಟ್ಟರೆ ಹಿಡಿತ ತಪ್ಪಿ ಒದೆತ ಜಾಸ್ತಿಯಾಗುತ್ತದೆ. ಸುತ್ತೇ ಕಡಿದರೆ ಒದೆತ ಕಮ್ಮಿಯಾಗುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ.

ಸೊಂಟದ ಡಿಸ್ಕ್ ಆ ನರದ ಬೇರನ್ನು ಒತ್ತಿದ್ದರೆ ಮಂಡಿ ಸುಮ್ಮನಿರಬೇಕಿತ್ತು. ಇಲ್ಲಿ ಉಲ್ಟಾ. ಇನ್ನೊಂದು ಮಾತು: ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರವೇ ಮುಗಿಯುತ್ತದೆ. ಅದರ ಕೆಳಗೆ ಇರುವುದು ಬರೀ ನರದ ಬೇರುಗಳು. ಹುರಿಯನ್ನು ಒತ್ತುತ್ತಿರುವುದು ಏನೇ ಇದ್ದರೂ ಅದು ಇನ್ನೂ ಮೇಲಿರಬೇಕು.

ಎಷ್ಟು ಮೇಲೆ? ತೋಳು ನೋಡಿದೆ. ಮೊಣಕೈ ಮಡಚಿನ ಮುಂದೆ ತಟ್ಟಿದರೆ ಏನೂ ಇಲ್ಲ. ಹಲ್ಲು ಕಚ್ಚಿ ಹಿಡಿಯಿರಿ ಅಂತ ಹೇಳಿ ತಟ್ಟಿದರೂ ಇಲ್ಲ. ಇದರ ಸುತ್ತು ಹೋಗುವುದು ಕತ್ತಿನ ಸಿ5, ಸಿ6 ಭಾಗದಲ್ಲಿ. ಮೊಣಕೈ ಹಿಂದೆ ತಟ್ಟಿದರೆ, ಅಂದರೆ ಮುಖ್ಯವಾಗಿ ಸಿ7, ತೋಳು ಜೋರಾಗಿ ಚಿಮ್ಮಿತು. ಒತ್ತಡ ಬಿದ್ದ ಜಾಗದ ಸುತ್ತು ಕಡಿದಿದೆ, ಅದರ ಕೆಳಗಿನದೆಲ್ಲ ಹಿಡಿತ ತಪ್ಪಿದೆ. ಅಂಗಾಲು ಗೀರಿದೆ, ಹೆಬ್ಬೆರಳು ಮೇಲಕ್ಕೆದ್ದಿತು. ಅದೂ ಮೇಲಿನ ತಂತು ಕೆಟ್ಟಿದೆ ಅನ್ನುವ ಗುರುತೇ.

"ಅಂಗಿ ಗುಂಡಿ ಹಾಕ್ಕೋತೀರಾ?" ಅಂತ ಕೇಳಿದೆ.

"ನಮ್ಮನೆಯವ್ಳೇ ಹಾಕದು ಸಾ. ವಯಸ್ಸಾಯ್ತಲ್ಲ ಅಂತ ಸುಮ್ನಿದ್ದೆ."

ಕತ್ತಿನ ಎಂಆರ್‌ಐ ಮಾಡಿಸಿದಾಗ ಐದನೇ, ಆರನೇ ಮೂಳೆಯ ನಡುವೆ ಡಿಸ್ಕು ಮತ್ತು ಬೆಳೆದ ಮೂಳೆ ಸೇರಿ ಹುರಿಯನ್ನು ಹಿಂಡುತ್ತಿದ್ದವು. ಆಪರೇಷನ್‌ಗೆ ಮೈಸೂರಿಗೆ ಕಳಿಸಿದೆ.

ಇದನ್ನು ಓದಿ, ಕಾಲು ಜೋರಾಗಿ ಒದ್ದರೆ ಕತ್ತಿನ ಕಾಯಿಲೆ ಅಂತ ತಿಳಿಯಬೇಡಿ. ಪರೀಕ್ಷೆ ಭಯದಲ್ಲಿದ್ದ ಕಾಲೇಜು ಹುಡುಗನೊಬ್ಬನ ಮಂಡಿ ಹೀಗೇ ಒದ್ದು, ನಾನೇ ಒಂದು ದಿನ ತಲೆ ಕೆಡಿಸಿಕೊಂಡಿದ್ದೆ. ಅವನ ಎಲ್ಲಾ ಕಡೆಯ ಒದೆತವೂ ಒಂದೇ ಸಮ, ಹೆಬ್ಬೆರಳು ಕೆಳಕ್ಕೇ ಬಾಗಿತ್ತು. ಏನೂ ಇರಲಿಲ್ಲ. ಥೈರಾಯ್ಡ್ ಜಾಸ್ತಿಯಾದರೂ ಒದೆತ ಚುರುಕಾಗುತ್ತದೆ. ಎಡಬಲಕ್ಕೆ, ಮೇಲೆ ಕೆಳಗೆ ವ್ಯತ್ಯಾಸ ಇದೆಯಾ ಅನ್ನುವುದೇ ನನಗೆ ಮುಖ್ಯ.

ಒದೆತ ಬರಲಿಲ್ಲ ಅಂದಾಗ ಮೊದಲು ನನ್ನ ಕೈಯನ್ನೇ ಅನುಮಾನಿಸುತ್ತೇನೆ. ಓದುವ ದಿನಗಳಲ್ಲಿ ಎಷ್ಟೋ ಸಲ ಪಟ್ಟಿ ಬಿಟ್ಟು ಚಿಪ್ಪಿಗೇ ಹೊಡೆದಿದ್ದೇನೆ. ಕೆಲವರು ಕಾಲು ಬಿಗಿ ಹಿಡಿದು ಕೂತಿರುತ್ತಾರೆ. ಅವರಿಗೆ ಎರಡೂ ಕೈಬೆರಳು ಕೊಕ್ಕೆ ಹಾಕಿ ಎಳೆಯಲು ಹೇಳಿ, ಎಳೆಯುವ ಕ್ಷಣಕ್ಕೇ ತಟ್ಟುತ್ತೇನೆ. ಹಂಗೇರಿಯ ವೈದ್ಯ ಜೆಂಡ್ರಾಸಿಕ್ 1880ರ ದಶಕದಲ್ಲಿ ಹೇಳಿಕೊಟ್ಟ ಉಪಾಯ ಇದು. ಬೇರೆಡೆ ಬಿಗಿ ಹಿಡಿದಾಗ ಬೆನ್ನುಹುರಿಯ ಈ ಸುತ್ತು ಇನ್ನಷ್ಟು ಸಲೀಸಾಗಿ ಕೆಲಸ ಮಾಡುತ್ತದೆ. ಎಷ್ಟೋ ಸಲ ಇಲ್ಲ ಅಂದುಕೊಂಡ ಒದೆತ ಹೀಗೆ ಸಿಕ್ಕಿದೆ.

ಆರು ತಿಂಗಳಿಗೆ ಅವರು ವಾಪಸ್ ಬಂದಾಗ ಗುಂಡಿ ತಾವೇ ಹಾಕಿಕೊಂಡಿದ್ದರು. ನಡಿಗೆ ಮೊದಲಿಗಿಂತ ವಾಸಿ, ಆದರೆ ಬಿಗಿ ಪೂರ್ತಿ ಹೋಗಿರಲಿಲ್ಲ. ಸುತ್ತಿಗೆ ತಾಗಿಸಿದೆ. "ಇನ್ನೂ ಒದೀತದಲ್ಲ ಸಾ!" ಅಂದರು. ಹೌದು, ಒತ್ತಡ ತೆಗೆದರೂ ಆಗಲೇ ಸತ್ತ ತಂತು ಹುರಿಯೊಳಗೆ ಮತ್ತೆ ಬೆಳೆಯುವುದಿಲ್ಲ ಅಂತ ಹೇಳಿದೆ.