ತಿಂಗಳಿಗೆ 30,000: ಮೂರು ಬಕೆಟ್ ಹಾಕಿ ನೋಡಿದ ಲೆಕ್ಕ

ನಿವೃತ್ತಿಯ ದಿನ ನನ್ನ ಆಸ್ತಿಯ ಪಟ್ಟಿಯಲ್ಲಿ 1 ಕೋಟಿ 25 ಲಕ್ಷ ಇತ್ತು. ಅದರಲ್ಲಿ 20 ಲಕ್ಷ ಸೈಟಿನ ಬೆಲೆ, 9 ಲಕ್ಷ ಆಸ್ಪತ್ರೆ ಖರ್ಚಿಗೆಂದು ಎತ್ತಿಟ್ಟದ್ದು. ಎರಡನ್ನೂ ಹೊಡೆದುಹಾಕಿದೆ. ಸೈಟನ್ನು ತಿಂಗಳಿಗಿಷ್ಟು ಅಂತ ಮಾರಲು ಆಗುವುದಿಲ್ಲ ಅಲ್ವಾ? ಉಳಿದದ್ದು 96 ಲಕ್ಷ: ಎಫ್‌ಡಿಯಲ್ಲಿ 52, ಷೇರು ಫಂಡಿನಲ್ಲಿ 38, ಉಳಿತಾಯ ಖಾತೆಯಲ್ಲಿ 6.

ಕೂಡಿಟ್ಟ ಹಣದಲ್ಲಿ ಮೊದಲ ವರ್ಷ 4% ತೆಗೆದು, ಆಮೇಲೆ ಬೆಲೆಯೇರಿಕೆಯಷ್ಟು ಹೆಚ್ಚಿಸುತ್ತಾ ಹೋದರೂ ಹಣ 30 ವರ್ಷ ಬರುತ್ತದೆ ಎಂದು ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ತೋರಿಸಿದ್ದರು. ಆದರೆ ಅದು ಅಮೆರಿಕದ ಮಾರುಕಟ್ಟೆಯ ಲೆಕ್ಕ, ಅರ್ಧದಷ್ಟಾದರೂ ಷೇರಿನಲ್ಲಿ ಇಟ್ಟವರಿಗೆ. ನನ್ನ ಷೇರು 40% ಮಾತ್ರ. ಹಾಗಾಗಿ 3.75% ಹಿಡಿದೆ. ವರ್ಷಕ್ಕೆ 3.6 ಲಕ್ಷ, ತಿಂಗಳಿಗೆ 30,000. ತೆರಿಗೆಯೂ ಇದರೊಳಗೇ ಬರಬೇಕು.

ಯಾವಾಗ ಬೇಕಾಗುತ್ತದೆ ಎಂಬುದರ ಮೇಲೆ ಹಣವನ್ನು ಮೂರು ಪಾಲು ಮಾಡಿದೆ, ಒಂದೊಂದು ಪಾಲೂ ಒಂದು ಬಕೆಟ್. ಮೊದಲ ಬಕೆಟ್‌ಗೆ ಎರಡು ವರ್ಷದ ಖರ್ಚು, ಎರಡನೆಯದಕ್ಕೆ ನಂತರದ ಐದು ವರ್ಷದ್ದು. ಬೆಲೆಯೇರಿಕೆ 6% ಅಂತ ಇಟ್ಟುಕೊಂಡರೆ ಆ ಐದು ವರ್ಷಕ್ಕೆ ಸುಮಾರು 23 ಲಕ್ಷ ಬೇಕು. ಎಫ್‌ಡಿಯೇ 52 ಲಕ್ಷ ಇದೆಯಲ್ಲ, ಸಾಕಾಗುತ್ತದೆ ಅಂದುಕೊಂಡಿದ್ದೆ.

ಎಫ್‌ಡಿ ರಸೀದಿಗಳನ್ನು ಮೇಜಿನ ಮೇಲೆ ತಾರೀಕಿನ ಪ್ರಕಾರ ಜೋಡಿಸಿದಾಗ ತಪ್ಪು ಕಂಡಿತು. 30 ಲಕ್ಷದ ಒಂದೇ ರಸೀದಿ, ಅದು ಕೈಗೆ ಬರಲು ಇನ್ನೂ ನಾಲ್ಕು ವರ್ಷ. ಮೊದಲ ಬಕೆಟ್ ಎರಡೇ ವರ್ಷಕ್ಕೆ ಖಾಲಿ. ನಡುವಿನ ಎರಡು ವರ್ಷಕ್ಕೆ ಹೊಂದುವ ರಸೀದಿ ಒಂದೂ ಇಲ್ಲ! ಮಧ್ಯದಲ್ಲಿ ಮುರಿಸಿದರೆ ಬಡ್ಡಿ ಕಡಿತ, ಇಲ್ಲವೇ ಷೇರು ಮಾರಬೇಕು. ಮೊತ್ತ ಹೊಂದಿದರೆ ಸಾಲದು, ತಾರೀಕೂ ಹೊಂದಬೇಕು.

ಉಳಿದ 22 ಲಕ್ಷದ ಎಫ್‌ಡಿ ಎರಡು ತಿಂಗಳಲ್ಲಿ ಮುಗಿಯುವುದಿತ್ತು. ಅದನ್ನು ಸುಮ್ನೆ ನವೀಕರಿಸಲಿಲ್ಲ. 1.2 ಲಕ್ಷ ಉಳಿತಾಯ ಖಾತೆಗೆ ಹೋಯಿತು, ಮೊದಲ ಬಕೆಟ್ ತುಂಬಿತು. ಸುಮಾರು 4 ಲಕ್ಷ ಎರಡು ವರ್ಷಕ್ಕೆ, 4.5 ಲಕ್ಷ ಮೂರು ವರ್ಷಕ್ಕೆ ಹಾಕಿದೆ. ಐದನೇ ವರ್ಷದಿಂದ ಆ ದೊಡ್ಡ ರಸೀದಿ ನೋಡಿಕೊಳ್ಳುತ್ತದೆ. ಮಿಕ್ಕ ಎಫ್‌ಡಿ ಮತ್ತು ಷೇರು ಫಂಡು ಮೂರನೇ ಬಕೆಟ್.

ವರ್ಷಕ್ಕೊಮ್ಮೆ ಮಾತ್ರ ನೋಡುತ್ತೇನೆ. ಷೇರು ಫಂಡು ಹಿಂದಿನ ವರ್ಷಕ್ಕಿಂತ ಮೇಲಿದ್ದರೆ ಒಂದು ವರ್ಷದ ಖರ್ಚಿನಷ್ಟು ಮಾರಿ ಮೊದಲ ಬಕೆಟ್‌ಗೆ ಹಾಕುತ್ತೇನೆ. ಕೆಳಗಿದ್ದರೆ ಮುಟ್ಟುವುದಿಲ್ಲ. ಜೊತೆಗೆ ಆ ವರ್ಷದ ಖರ್ಚನ್ನು ಉಳಿದ ಒಟ್ಟು ಹಣದಿಂದ ಭಾಗಿಸುತ್ತೇನೆ. ಬಕೆಟ್‌ಗಳು ಹಣ ಹುಟ್ಟಿಸುವುದಿಲ್ಲ, ನಷ್ಟದಲ್ಲಿ ಮಾರುವುದನ್ನು ಮಾತ್ರ ತಪ್ಪಿಸುತ್ತವೆ. ಅದಕ್ಕೇ ಈ ಭಾಗಾಕಾರ ನನಗೆ ಜಾಸ್ತಿ ಮುಖ್ಯ. 5% ದಾಟಿದರೆ ಆ ವರ್ಷ ತಿಂಗಳ ಮೊತ್ತ ಏರಿಸುವುದಿಲ್ಲ.

ಎರಡನೇ ವರ್ಷ ಷೇರು ಇಳಿಯಿತು. ಒಟ್ಟು 88 ಲಕ್ಷಕ್ಕೆ ಬಂತು, ಖರ್ಚು 3.8 ಲಕ್ಷ, ಅಂದರೆ 4.3%. ಒಂದು ಯೂನಿಟ್ ಕೂಡ ಮಾರಲಿಲ್ಲ. ಅಷ್ಟರಲ್ಲಿ ಎರಡು ವರ್ಷದ ಎಫ್‌ಡಿ ಮುಗಿಯುತ್ತಾ ಬಂದಿತ್ತು, ಮುಂದಿನ ವರ್ಷದ ಖರ್ಚು ಅದರಿಂದಲೇ ಬಂತು.