ಕಾಡೂ ತೋಟವೂ ಒಂದೇ ಆಗಿದ್ದ ನಕ್ಷೆ

ಏಳನೇ ತರಗತಿಗೆ ನಾನೇ ಕೊಡಗಿನ ನಕ್ಷೆ ಮಾಡಿ ಪ್ರೊಜೆಕ್ಟರಿನಲ್ಲಿ ಹಾಕಿದ್ದೆ. ಕಾಡಿಗೆ ಹಸಿರು, ಕಾಫಿ ತೋಟಕ್ಕೆ ಕಂದು. "ತೋಟ ತೋರಿಸು" ಅಂದರೆ ಒಬ್ಬ ಹುಡುಗ ಪ್ರತಿ ಸಲ ಕಾಡಿನ ಮೇಲೆ ಕೈ ಇಡುತ್ತಿದ್ದ. ಗಮನ ಇಲ್ಲ ಅಂತ ಗದರಿದೆ. ಆ ಮಾತು ಈಗಲೂ ಚುಚ್ಚುತ್ತದೆ.

ಅವನ ತಾಯಿ ಹೇಳಿದರು, "ಸಾರ್, ಕಾಫಿ ಕುಯ್ಯುವಾಗ ಇವನು ಹಣ್ಣನ್ನು ಹಿಚುಕಿ ನೋಡ್ತಾನೆ. ಮೆತ್ತಗಿದ್ದರೆ ಮಾತ್ರ ಕೀಳ್ತಾನೆ." ಆಗ ಅರ್ಥವಾಯಿತು. ಕಣ್ಣಿನ ಡಾಕ್ಟರ್ ಕೂಡ ಕೆಂಪು-ಹಸಿರು ಬಣ್ಣಗುರುಡು ಅಂದರು. ಇದು ಹುಟ್ಟಿನಿಂದಲೇ ಬರುವಂಥದ್ದು, ಹುಡುಗರಲ್ಲೇ ಜಾಸ್ತಿ.

ಮೊದಲು ಹಸಿರನ್ನು ಸುಮ್ನೆ ಬೇರೆ ಹಸಿರಿಗೆ ಬದಲಾಯಿಸಿದೆ. ಉಪಯೋಗವಾಗಲಿಲ್ಲ. ನಕ್ಷೆಯನ್ನು ಕಪ್ಪು-ಬಿಳುಪಿನಲ್ಲಿ ಪ್ರಿಂಟ್ ತೆಗೆದಾಗ ಕಾರಣ ಕಂಡಿತು: ಕಾಡು, ತೋಟ ಎರಡೂ ಒಂದೇ ಬೂದು. ಎರಡು ಬಣ್ಣಗಳೂ ಒಂದೇ ಗಾಢ ಇದ್ದವು.

ಆಮೇಲೆ ಕಾಡಿಗೆ ಚುಕ್ಕಿ ಇಟ್ಟೆ, ತೋಟಕ್ಕೆ ಓರೆ ಗೆರೆ ಎಳೆದೆ, ಗದ್ದೆಯನ್ನು ಖಾಲಿ ಬಿಟ್ಟೆ. ಮೂಲೆಯಲ್ಲಿದ್ದ ಬಣ್ಣದ ಪಟ್ಟಿ ತೆಗೆದು, ಹೆಸರುಗಳನ್ನು ಆಯಾ ಜಾಗದ ಮೇಲೇ ಬರೆದೆ. ಬಣ್ಣ ಹಾಗೇ ಇದೆ, ಉಳಿದ ಮಕ್ಕಳಿಗೂ ಬೇಕಲ್ವಾ. ರಸಪ್ರಶ್ನೆಯ ಸ್ಲೈಡಿನಲ್ಲಿ ಕೆಂಪು-ಹಸಿರು ಬಾಕ್ಸ್ ಜೊತೆಗೆ ✗, ✓ ಗುರುತು ಹಾಕಿ "ತಪ್ಪು", "ಸರಿ" ಅಂತಲೂ ಬರೆದೆ.

ಕಪ್ಪು-ಬಿಳುಪು ಪರೀಕ್ಷೆ ಎಲ್ಲವನ್ನೂ ಹಿಡಿಯುವುದಿಲ್ಲ. ಕೆಲವರಿಗೆ ಕೆಂಪು ತುಂಬಾ ಗಾಢವಾಗಿ, ಹೆಚ್ಚುಕಡಿಮೆ ಕಪ್ಪಾಗಿ ಕಾಣುತ್ತದೆ. ಹಾಗಾಗಿ ಕರಿಹಲಗೆ ಮೇಲೆ ಕೆಂಪು ಸೀಮೆಸುಣ್ಣ ಬಿಟ್ಟಿದ್ದೇನೆ. ಬಿಳಿಯಲ್ಲಿ ಬರೆದು, ಮುಖ್ಯ ಪದಕ್ಕೆ ಅಡಿಗೆರೆ ಎಳೆಯುತ್ತೇನೆ.

ಮೊನ್ನೆ ಅದೇ ಹುಡುಗ ಓರೆ ಗೆರೆಗಳ ಮೇಲೆ ಬೆರಳಾಡಿಸಿ, "ಇದು ನಮ್ಮ ತೋಟದ ಕಡೆ ಸಾರ್" ಅಂದ.