ಅರವತ್ತರಿಂದ ಇಪ್ಪತ್ತಕ್ಕೆ ಇಳಿದಾಗ ಎಷ್ಟು ಉಪ್ಪು ಹರಳುಗಟ್ಟುತ್ತದೆ: ನನ್ನ ಅನುಭವ

ಪೊಟ್ಯಾಸಿಯಂ ನೈಟ್ರೇಟ್ ಎಂಬ ಉಪ್ಪಿನ ಪರ್ಯಾಪ್ತ ದ್ರಾವಣವನ್ನು, ಅಂದರೆ ಇನ್ನಷ್ಟು ಉಪ್ಪು ಕರಗಲಾರದ ದ್ರಾವಣವನ್ನು, 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಯಾರಿಸಿ, ಅದರಲ್ಲಿ 105 ಗ್ರಾಂ ತೂಗಿ ತೆಗೆದುಕೊಂಡು, 20 ಡಿಗ್ರಿಗೆ ತಣಿಸಿದಾಗ ಎಷ್ಟು ಉಪ್ಪು ಹರಳಾಗಿ ಹೊರಬರುತ್ತದೆ ಎಂಬುದನ್ನು ನಾನು ಮೊದಲು, ಯಾವ ಉಷ್ಣತೆಯಲ್ಲಿ ಎಷ್ಟು ಉಪ್ಪು ಕರಗುತ್ತದೆ ಎಂದು ತೋರಿಸುವ ವಿಲೀನತಾ ರೇಖೆಯಿಂದ ಲೆಕ್ಕ ಹಾಕಿದೆ. ಅಡ್ಡ ಅಕ್ಷದ 60ರಿಂದ ನೇರವಾಗಿ ಮೇಲೆ ಹೋಗಿ ರೇಖೆಯನ್ನು ಮುಟ್ಟಿ ಎಡಕ್ಕೆ ತಿರುಗಿದರೆ ಸುಮಾರು 110 ಸಿಗುತ್ತದೆ. 20ರಿಂದ ಹೊರಟರೆ ಸುಮಾರು 32. ವ್ಯತ್ಯಾಸ 78. ನನ್ನಲ್ಲಿದ್ದುದು 105 ಗ್ರಾಂ ಆದ್ದರಿಂದ 78ನ್ನು 1.05ರಿಂದ ಗುಣಿಸಿ, ಸುಮಾರು 82 ಗ್ರಾಂ ಹರಳು ಬರಬೇಕೆಂದು ಬರೆದುಕೊಂಡೆ.

ಈ ಉತ್ತರ ಅಸಾಧ್ಯವಾದುದು ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ರೇಖೆಯ ಲಂಬ ಅಕ್ಷವು 100 ಗ್ರಾಂ ನೀರಿಗೆ ಎಷ್ಟು ಉಪ್ಪು ಎಂದು ಹೇಳುತ್ತದೆಯೇ ಹೊರತು 100 ಗ್ರಾಂ ದ್ರಾವಣಕ್ಕೆ ಎಷ್ಟೆಂದು ಅಲ್ಲ. 60 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ 110 ಗ್ರಾಂ ಉಪ್ಪು ಸೇರಿ 210 ಗ್ರಾಂ ದ್ರಾವಣವಾಗುತ್ತದೆ. ನನ್ನ 105 ಗ್ರಾಂ ಅದರ ಅರ್ಧ, ಅಂದರೆ 50 ಗ್ರಾಂ ನೀರು ಮತ್ತು 55 ಗ್ರಾಂ ಉಪ್ಪು. ಇದ್ದ ಉಪ್ಪೇ 55 ಗ್ರಾಂ ಆಗಿರುವಾಗ 82 ಗ್ರಾಂ ಹೊರಬರುವುದಾದರೂ ಎಲ್ಲಿಂದ? ತಣಿಯುವಾಗ ನೀರು ಅಷ್ಟೇ ಉಳಿಯುತ್ತದೆ. 20 ಡಿಗ್ರಿಯಲ್ಲಿ ಆ 50 ಗ್ರಾಂ ನೀರು ಹಿಡಿದಿಡಬಲ್ಲದ್ದು 16 ಗ್ರಾಂ ಮಾತ್ರ. ಆದ್ದರಿಂದ ಹರಳಾಗಬೇಕಾದುದು 39 ಗ್ರಾಂ. ಅಂದಿನಿಂದ ನಾನು ರೇಖೆಯನ್ನು ನೋಡುವ ಮೊದಲೇ ನೀರಿನ ತೂಕವನ್ನು ಬೇರ್ಪಡಿಸಿ ಬರೆಯುತ್ತೇನೆ.

ಇನ್ನು ಪ್ರಯೋಗದ ಮಾತು. ಸೋಸಿದ ಕೂಡಲೇ ಹರಳುಗಳನ್ನು ತೂಗಿದಾಗ 43 ಗ್ರಾಂ ಬಂದಿತು, ಏಕೆಂದರೆ ಹರಳುಗಳ ನಡುವೆ ದ್ರಾವಣ ಅಂಟಿಕೊಂಡಿತ್ತು. ಅದನ್ನು ಮಂಜುಗಡ್ಡೆಯಲ್ಲಿಟ್ಟು ತಣಿಸಿದ 10 ಮಿಲಿಲೀಟರ್ ನೀರಿನಿಂದ ತೊಳೆದು ಒಣಗಿಸಿದ ಮೇಲೆ ತೂಕ 38 ಗ್ರಾಂಗೆ ನಿಂತಿತು. ಶೂನ್ಯ ಡಿಗ್ರಿಯಲ್ಲಿ 100 ಗ್ರಾಂ ನೀರು ಸುಮಾರು 13 ಗ್ರಾಂ ಉಪ್ಪನ್ನು ಕರಗಿಸಬಲ್ಲದು, ಹಾಗಾಗಿ ತೊಳೆದ ನೀರು ಹೆಚ್ಚೆಂದರೆ 1.3 ಗ್ರಾಂ ಒಯ್ದಿರಬಹುದು. ಕೊರತೆಗೆ ಇಷ್ಟು ವಿವರಣೆ ಸಾಕು. ಬೀಕರಿನ ಹೊರಮೈ ತಣ್ಣಗಾಗಿದೆ ಎಂದು ನಂಬಿ ಸೋಸುವುದು ಇದಕ್ಕಿಂತ ದೊಡ್ಡ ತಪ್ಪು: ಒಳಗಿನ ದ್ರಾವಣ ಇನ್ನೂ 30 ಡಿಗ್ರಿಯಲ್ಲಿದ್ದರೆ 50 ಗ್ರಾಂ ನೀರಿನಲ್ಲಿ 23 ಗ್ರಾಂ ಉಪ್ಪು ಉಳಿದು, ಹರಳು 32 ಗ್ರಾಂಗೆ ಇಳಿಯುತ್ತದೆ. ತೂಗಿದ ಮೇಲೆ ಬಿಸಿ ದ್ರಾವಣದಿಂದ ನೀರು ಆವಿಯಾಗಿ ಹೋಗಿದ್ದರೆ ಫಲಿತಾಂಶ ಇದಕ್ಕೆ ವಿರುದ್ಧವಾಗಿ, ಲೆಕ್ಕಕ್ಕಿಂತ ಹೆಚ್ಚು ಹರಳಾಗುತ್ತದೆ.

ಇದೇ ಸರಳ ಕಳೆಯುವ ಲೆಕ್ಕವನ್ನು ತಾಮ್ರದ ಸಲ್ಫೇಟಿಗೆ ಹಾಗೆಯೇ ಹಚ್ಚಲಾಗದು. ಅದರ ನೀಲಿ ಹರಳಿನ ಪ್ರತಿ ಘಟಕವೂ ಐದು ನೀರಿನ ಅಣುಗಳನ್ನು ಒಳಗೊಳ್ಳುವುದರಿಂದ, ಹರಳುಗಟ್ಟುತ್ತಿರುವಂತೆಯೇ ಕರಗಿಸುವ ನೀರೂ ಕಡಿಮೆಯಾಗುತ್ತಾ ಹೋಗುತ್ತದೆ.